ಇಲ್ಲಿಂದ ಹೊರಟ ನಗು, ಅಲ್ಲಿ ಇಳಿದ ಮುಖ

ಕೇಳುಗರೆಲ್ಲರಿಗೂ ನಮಸ್ಕಾರ.

2017ನೇ ಇಸವಿ ಅಂದುಕೊಳ್ಳಿ. ಬೆಂಗಳೂರಿನ ಅಕ್ಕ ತನ್ನ ಐಫೋನಿನಿಂದ ಮೈಸೂರಿನ ತಂಗಿಗೆ ಎಸ್ಸೆಮ್ಮೆಸ್ ಕಳಿಸುತ್ತಾಳೆ: "ಭಾನುವಾರ ಊಟಕ್ಕೆ ಬಾರೇ, ನಿಮ್ಮ ಭಾವನೇ ಅಡುಗೆ ಮಾಡ್ತಾರಂತೆ." ತಂಗಿಯದು ಸ್ಯಾಮ್‌ಸಂಗ್ ಫೋನು. "ಆಯ್ತಕ್ಕ, ಬರ್ತೀನಿ" ಎಂದು ಬರೆದು, ಪಕ್ಕದಲ್ಲಿ ಒಂದು ಎಮೋಜಿ ಹಾಕುತ್ತಾಳೆ. ಅವಳ ಪರದೆಯಲ್ಲಿ ಅದು ಓರೆಗಣ್ಣಿನಲ್ಲಿ ನೋಡುತ್ತಾ ತುಂಟತನದಿಂದ ನಗುವ ಮುಖ. ಭಾವನ ಅಡುಗೆಯ ಬಗ್ಗೆ ಸಣ್ಣ ತಮಾಷೆ, ಅಷ್ಟೇ. ಅಕ್ಕನ ಫೋನಿನಲ್ಲಿ ಮೂಡಿದ್ದು ಬೇರೆಯೇ ಮುಖ: ತುಟಿ ಬಿಗಿದಿದೆ, ಕಣ್ಣುಗುಡ್ಡೆ ಮೇಲಕ್ಕೇರಿದೆ. "ಅಯ್ಯೋ, ಇದೊಂದು ಕರ್ಮ" ಅನ್ನುವ ಮುಖ. ಊಟಕ್ಕೆ ಕರೆದರೆ ಇವಳಿಗೇನು ಬಂತು ಧಾಡಿ ಎಂದು ಅಕ್ಕ ಅಂದುಕೊಂಡರೆ ತಪ್ಪೇನಿಲ್ಲ.

ಇಲ್ಲಿ ಯಾರೂ ಎಡವಿಲ್ಲ. ಫೋನಿನಿಂದ ಫೋನಿಗೆ ಚಿತ್ರ ಹೋಗುವುದೇ ಇಲ್ಲ, ಹೋಗುವುದು ಒಂದು ಸಂಖ್ಯೆ. ತಂಗಿ ಕಳಿಸಿದ ಮುಖದ ಸಂಖ್ಯೆ U+1F644. ನಮ್ಮ 'ಕ' ಅಕ್ಷರಕ್ಕೆ ಇರುವಂತೆಯೇ ಇದಕ್ಕೂ ಯೂನಿಕೋಡ್ ಒಕ್ಕೂಟ ಒಂದು ಸಂಖ್ಯೆ, ಒಂದು ಹೆಸರು ಕೊಟ್ಟಿದೆ. ಜೊತೆಗೆ ಕಪ್ಪು-ಬಿಳುಪಿನ ಮಾದರಿ ಚಿತ್ರವೂ ಇದೆ, ಆದರೆ ಹಾಗೆಯೇ ಬರೆಯಬೇಕೆಂಬ ಕಟ್ಟುಪಾಡಿಲ್ಲ. ಆಪಲ್, ಗೂಗಲ್, ಸ್ಯಾಮ್‌ಸಂಗ್, ಮೈಕ್ರೋಸಾಫ್ಟ್ ತಮ್ಮ ತಮ್ಮ ಕಲಾವಿದರಿಂದ ಬರೆಸುತ್ತವೆ. 'ಕ' ಯಾವ ಅಚ್ಚಿನಲ್ಲಿದ್ದರೂ 'ಕ'ವೇ. ಮುಖ ಹಾಗಲ್ಲ, ಬಾಯಿಯ ಗೆರೆ ಒಂದಿಷ್ಟು ಕೆಳಗೆ ಬಾಗಿದರೂ ಮಾತಿನ ಧಾಟಿಯೇ ಬದಲಾಗುತ್ತದೆ.

ಇದನ್ನು ಅಳೆದು ನೋಡಿದವರೂ ಇದ್ದಾರೆ. 2016ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಬೇರೆ ಕಂಪನಿಗಳ ಎಮೋಜಿಗಳನ್ನು ಜನರ ಮುಂದಿಟ್ಟು, ಪ್ರತಿಯೊಂದರ ಭಾವಕ್ಕೂ ಅಂಕ ಕೊಡಲು ಹೇಳಿದರು. ತೀರಾ ಕೆಟ್ಟ ಭಾವವಾದರೆ ಮೈನಸ್ 5, ತೀರಾ ಒಳ್ಳೆಯದಾದರೆ ಪ್ಲಸ್ 5. ಹೆಚ್ಚು ಎಡವಟ್ಟಾದದ್ದು ಹಲ್ಲು ಕಾಣುವಂತೆ ನಗುವ, ಕಣ್ಣೂ ನಗುವ ಮುಖದ್ದು, ಅಂದರೆ U+1F601. ಗೂಗಲ್ಲಿನ ಚಿತ್ರಕ್ಕೆ ಜನ ಧಾರಾಳವಾಗಿ ಅಂಕ ಕೊಟ್ಟರು. ಆಪಲ್ಲಿನ ಚಿತ್ರ ಸೊನ್ನೆಗಿಂತ ಕೆಳಗೆ ಬಿತ್ತು. ಕಾರಣ ಕಣ್ಣೆದುರೇ ಇತ್ತು: ಅಂದಿನ ಆಪಲ್ ಚಿತ್ರದಲ್ಲಿ ಮೇಲಿನ ಸಾಲು, ಕೆಳಗಿನ ಸಾಲು ಹಲ್ಲುಗಳು ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಂಡಿದ್ದವು, ತುಟಿಯ ಅಂಚು ಮೇಲಕ್ಕೆ ಏಳುತ್ತಲೇ ಇರಲಿಲ್ಲ. ಕೆಲಸ ಸಿಕ್ಕಿತು ಎಂಬ ಸಂತೋಷಕ್ಕೆ ಆಂಡ್ರಾಯ್ಡ್‌ನಿಂದ ಹೊರಟ ನಗು ಐಫೋನಿನಲ್ಲಿ ಹಲ್ಲು ಕಚ್ಚಿ ನೋವು ತಡೆದುಕೊಳ್ಳುವ ಮುಖವಾಗಿ ಇಳಿಯುತ್ತಿತ್ತು. ಅದೇ ವರ್ಷ ಐಒಎಸ್ 10ರಲ್ಲಿ ಆಪಲ್ ಆ ಬಾಯಿಯನ್ನು ತಿದ್ದಿತು. ಹಾಗಂತ ಎಲ್ಲವನ್ನೂ ಕಂಪನಿಗಳ ತಲೆಗೆ ಕಟ್ಟುವಂತಿಲ್ಲ. ಎಲ್ಲರಿಗೂ ಒಂದೇ ಕಂಪನಿಯ ಒಂದೇ ಚಿತ್ರ ತೋರಿಸಿದಾಗಲೂ, ಇದು ಒಳ್ಳೆಯ ಭಾವವೋ ಕೆಟ್ಟದ್ದೋ ಎಂಬುದರಲ್ಲಿ ಶೇಕಡ 25ರಷ್ಟು ಸಲ ಒಮ್ಮತವಿರಲಿಲ್ಲ ಎಂದೂ ಅದೇ ಅಧ್ಯಯನ ಹೇಳಿತು.

ಮುಖದ ಮಾತು ಬಿಡಿ, ಪಿಸ್ತೂಲಿನ ಎಮೋಜಿಯಲ್ಲಿ ಇನ್ನೂ ದೊಡ್ಡ ಗೊಂದಲ. 2016ರಲ್ಲಿ ಆಪಲ್ ಅದನ್ನು ಹಸಿರು ಬಣ್ಣದ ನೀರಿನ ಪಿಸ್ತೂಲು ಮಾಡಿತು. ಗೂಗಲ್, ಸ್ಯಾಮ್‌ಸಂಗ್ ಅದೇ ದಾರಿ ಹಿಡಿದದ್ದು 2018ರಲ್ಲಿ. ನಡುವಿನ ಹೋಳಿ ಹಬ್ಬಕ್ಕೆ "ನಾಳೆ ಸಿಗು, ನೋಡ್ಕೋತೀನಿ" ಎಂದು ಐಫೋನಿನ ಹುಡುಗ ಪಿಚಕಾರಿ ಕಳಿಸಿದ್ದರೆ, ಗೆಳೆಯನ ಆಂಡ್ರಾಯ್ಡ್‌ನಲ್ಲಿ ಬಂದಿಳಿಯುತ್ತಿದ್ದುದು ನಿಜವಾದ ಪಿಸ್ತೂಲು! ಅಂತೂ ಎಲ್ಲರೂ ನೀರಿಗೆ ಇಳಿದರು ಅನ್ನುವಷ್ಟರಲ್ಲಿ, 2024ರಲ್ಲಿ ಎಕ್ಸ್ ಮತ್ತೆ ಅಸಲಿ ಪಿಸ್ತೂಲಿಗೆ ಮರಳಿತು.

ಓರೆಗಣ್ಣಿನ ಆ ಮುಖವನ್ನೂ ಸ್ಯಾಮ್‌ಸಂಗ್ 2018ರಲ್ಲಿ ಬದಲಿಸಿ ಉಳಿದವರ ಸಾಲಿಗೆ ತಂದಿತು. ಆದರೆ ಹೊಸ ಚಿತ್ರ ಸಾಮಾನ್ಯವಾಗಿ ಬರುವುದು ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಜೊತೆಗೆ. ಅಪ್‌ಡೇಟ್ ನಿಂತುಹೋದ ಹಳೆಯ ಫೋನಿನಲ್ಲಿ ಹಳೆಯ ಮುಖವೇ ಉಳಿಯುತ್ತದೆ. ಮನೆಯಲ್ಲಿ ಹೊಸ ಫೋನು ಕೊಂಡಾಗ ಹಳೆಯದು ಅಜ್ಜಿಯ ಕೈಗೆ ಹೋಗುವುದು ನಮ್ಮಲ್ಲಿ ವಾಡಿಕೆ, ಅಲ್ಲವೇ?

ವಾಟ್ಸಾಪ್‌ನಲ್ಲಿ ಈ ತೊಂದರೆ ಕಡಿಮೆ. ಆಂಡ್ರಾಯ್ಡ್ ಫೋನುಗಳಲ್ಲಿ ಅದು ತನ್ನದೇ ಎಮೋಜಿಗಳನ್ನು ತೋರಿಸುತ್ತದೆ, ಅವು ಆಪಲ್ಲಿನವಕ್ಕೆ ಹತ್ತಿರವಾಗಿಯೇ ಇವೆ. ಐಫೋನಿನಲ್ಲಿ ಆಪಲ್ಲಿನವನ್ನೇ ಬಳಸುತ್ತದೆ. ವ್ಯತ್ಯಾಸವನ್ನು ನೀವೇ ನೋಡಬೇಕಾದರೆ, ಮುಂದಿನ ಸಲ ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಸಂದೇಶ ಬಂದಾಗ ತಕ್ಷಣ ತೆರೆಯಬೇಡಿ. ಪರದೆಯ ಮೇಲ್ಭಾಗದ ನೋಟಿಫಿಕೇಶನ್ನಿನಲ್ಲಿ ಕಾಣುವುದು ಫೋನಿನ ಕಂಪನಿ ಬರೆದ ಮುಖ. ಸಂದೇಶ ತೆರೆದರೆ ಒಳಗಿರುವುದು ವಾಟ್ಸಾಪ್ ಬರೆದ ಮುಖ. ಎಸ್ಸೆಮ್ಮೆಸ್ ಕಳಿಸುವವರು ಸಂದೇಹವಿದ್ದರೆ Emojipedia ತಾಣದಲ್ಲಿ ಆ ಎಮೋಜಿಯನ್ನು ಹುಡುಕಬಹುದು, ಯಾವ ಕಂಪನಿ ಅದನ್ನು ಹೇಗೆ ಬರೆದಿದೆ ಎಂದು ಅಲ್ಲಿ ಒಟ್ಟಿಗೆ ಕಾಣಸಿಗುತ್ತದೆ. ಅಷ್ಟು ಪುರುಸೊತ್ತಿಲ್ಲದಿದ್ದರೆ "ತಮಾಷೆಗೆ ಹೇಳಿದೆ ಅಕ್ಕ" ಎಂದು ಕನ್ನಡದಲ್ಲೇ ಬರೆದುಬಿಡಿ.

ನಮಸ್ಕಾರ.