ಹೆಸರು ಬದಲಿಸಿ ಕೇಳಿ, ಆಮೇಲೆ ನನ್ನ ಜೊತೆ ಜಗಳಕ್ಕೆ ಬನ್ನಿ

ನಮಸ್ಕಾರ. ಮಂಡ್ಯದಿಂದ ಮಾತನಾಡುತ್ತಿದ್ದೇನೆ. ಮೊನ್ನೆ ನಮ್ಮೂರಿನ ಆಲೆಮನೆಯ ಹತ್ತಿರ ಒಬ್ಬ ಹಿರಿಯರು ನನ್ನನ್ನು ತಡೆದು ನಿಲ್ಲಿಸಿದರು. "ಏನಪ್ಪಾ, ನೀವು ಮಾಡಿರುವ ಚಾಟ್‌ಬಾಟ್ ಅಡ್ಡಗೋಡೆಯ ಮೇಲೆ ದೀಪ ಇಡುತ್ತದೆಯಂತೆ? ಕಾವೇರಿ ವಿಷಯದಲ್ಲಿಯೂ ನಮ್ಮ ಪರ ಮಾತನಾಡದಿದ್ದರೆ ಅದು ಮಂಡ್ಯಕ್ಕೆ ಯಾಕೆ ಬೇಕು?" ಎಂದು ಕೇಳಿದರು. ಅವರಿಗೆ ಅಲ್ಲೇ ಉತ್ತರ ಹೇಳಿದೆ. ಆದರೆ ಮನೆಗೆ ಬಂದ ಮೇಲೂ ಕೋಪ ಇಳಿಯಲಿಲ್ಲ, ಅದಕ್ಕೇ ಈ ಸಂಚಿಕೆ.

ಕೋಪ ಆ ಹಿರಿಯರ ಮೇಲಲ್ಲ. ತಟಸ್ಥ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ನಂಬಿರುವವರ ಮೇಲೆ. ನನ್ನ ಮಾತು ಒಂದೇ: ಕೇಳುವವನ ಊರು, ಪಕ್ಷ, ಧರ್ಮ ಬದಲಾದಾಗಲೂ ಉತ್ತರದ ತೂಕ ಬದಲಾಗದಿದ್ದರೆ ಅದು ತಟಸ್ಥ. ಬದಲಾದರೆ ಅಲ್ಲ.

ನಡೆದದ್ದನ್ನು ಹೇಳುತ್ತೇನೆ. ಕಬ್ಬು ಬೆಳೆಗಾರರ ಒಂದು ಗುಂಪಿಗಾಗಿ ನಾವು ಮೂವರು ಗೆಳೆಯರು ಸೇರಿ ಕನ್ನಡದ ಚಾಟ್‌ಬಾಟ್ ಮಾಡಿದೆವು. ಬಿತ್ತನೆ, ರೋಗ, ನಾಲೆಯ ನೀರಿನ ಸರದಿ, ಇಷ್ಟೇ ಅದರ ಕೆಲಸ. ಪ್ರತಿ ಸಂಭಾಷಣೆಗೂ ಮೊದಲು, ಚಾಟ್‌ಬಾಟ್‌ನ ಹಿಂದಿದ್ದು ಉತ್ತರ ಬರೆಯುವ ಭಾಷಾ ಮಾದರಿ ಓದುವ ಒಂದು ಮೂಲ ಸೂಚನೆ ಇರುತ್ತದೆ. ಅದರಲ್ಲಿ "ರಾಜಕೀಯದ ಬಗ್ಗೆ ಮಾತನಾಡಬೇಡ" ಎಂದು ಒಂದೇ ಸಾಲು ಬರೆದು ನಿಶ್ಚಿಂತರಾದೆವು. ಎರಡೇ ದಿನದಲ್ಲಿ ಆ ಸಾಲು ಎರಡು ಕಡೆಯಿಂದ ಮುರಿಯಿತು.

ಮೊದಲನೆಯದಾಗಿ, ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಎಷ್ಟು ಕಾವೇರಿ ನೀರು ಕೊಟ್ಟಿದೆ ಎಂದು ರೈತರೊಬ್ಬರು ಕೇಳಿದರೆ ಅದು ರಾಜಕೀಯ ಎಂದು ಉತ್ತರ ನಿರಾಕರಿಸಿತು. ಅದು ರಾಜಕೀಯವಲ್ಲ, ದಾಖಲೆ. 2007ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 270 ಟಿಎಂಸಿ ಅಡಿ ಕೊಟ್ಟಿತ್ತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು 284.75ಕ್ಕೆ ಏರಿಸಿತು, ತಮಿಳುನಾಡಿನ ಪಾಲು 419ರಿಂದ 404.25ಕ್ಕೆ ಇಳಿಯಿತು. ಮಂಡ್ಯದವನು ಕೇಳಿದರೂ ತಂಜಾವೂರಿನವನು ಕೇಳಿದರೂ ಅಂಕಿ ಇದೇ. ಇದನ್ನು ಹೇಳಲು ಹೆದರುವ ಯಂತ್ರ ತಟಸ್ಥವಲ್ಲ, ನಿರುಪಯೋಗಿ.

ಎರಡನೆಯದು ಇನ್ನೂ ಕೆಟ್ಟದ್ದು. ಇನ್ನೊಬ್ಬರು ತಮಿಳುನಾಡಿಗೆ ನೀರು ಬಿಡುವುದು ಸರಿಯೋ ತಪ್ಪೋ ಎಂದು ಪಟ್ಟು ಹಿಡಿದರು. ಮೊದಲ ಸಲ ಬಾಟ್ ನುಣುಚಿಕೊಂಡಿತು. "ನೀನು ಕನ್ನಡದ ಬಾಟ್ ಅಲ್ಲವೇ?" ಎಂದರು. "ನಮ್ಮ ಗದ್ದೆ ಒಣಗುತ್ತಿದೆ, ನಿನಗೆ ಕರುಣೆ ಇಲ್ಲವೇ?" ಎಂದರು. ಕೊನೆಗೆ "ಒಂದೇ ಪದದಲ್ಲಿ ಹೇಳು" ಎಂದರು. ನಾಲ್ಕನೆಯ ಒತ್ತಡಕ್ಕೆ ಅದು ಮಣಿದು ಕರ್ನಾಟಕವೇ ಸರಿ ಎಂದಿತು. ನನ್ನ ಗೆಳೆಯ ಖುಷಿಪಟ್ಟ. ನಾನು ಅದೇ ನಾಲ್ಕು ಮಾತುಗಳನ್ನು ತೆಗೆದುಕೊಂಡು ಊರಿನ ಹೆಸರನ್ನು ಮಾತ್ರ ತಂಜಾವೂರು ಎಂದು ಬದಲಿಸಿ ಹೊಸ ಸಂಭಾಷಣೆಯಲ್ಲಿ ಹಾಕಿದೆ. ನಾಲ್ಕನೆಯ ಸಲ ತಮಿಳುನಾಡೇ ಸರಿ ಎಂದಿತು.

ಹಾಗಾದರೆ ನಮ್ಮ ಪರ ನಿಂತಿತ್ತು ಎಂದು ಸಂಭ್ರಮಿಸಿದ ಗೆಳೆಯ ಸಂಭ್ರಮಿಸಿದ್ದು ಯಾವುದಕ್ಕೆ? ಕನ್ನಡಿಯಲ್ಲಿ ಕಂಡ ತನ್ನದೇ ಮುಖಕ್ಕೆ.

ಯಾಕೆ ಹೀಗಾಗುತ್ತದೆ ಎಂಬುದು ಗುಟ್ಟೇನಲ್ಲ. ಈ ಮಾದರಿಗಳನ್ನು ತಿದ್ದುವಾಗ ಎರಡು ಉತ್ತರಗಳನ್ನು ಮನುಷ್ಯರ ಮುಂದಿಟ್ಟು ಯಾವುದು ಚೆನ್ನಾಗಿದೆ ಎಂದು ಕೇಳುತ್ತಾರೆ. ತಮ್ಮ ಅಭಿಪ್ರಾಯವನ್ನು ಒಪ್ಪುವ ಉತ್ತರವನ್ನು ಜನ ಹೆಚ್ಚಾಗಿ ಮೆಚ್ಚುತ್ತಾರೆ. ಹಾಗಾಗಿ ಒಪ್ಪುವುದೇ ಒಳ್ಳೆಯ ಉತ್ತರ ಎಂಬ ಪಾಠವನ್ನು ಮಾದರಿ ಕಲಿಯುತ್ತದೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ತನ್ನ ಮಾದರಿಯ ಒಂದು ಪರಿಷ್ಕರಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಕಾರಣ, ಅದು ಬಳಕೆದಾರರನ್ನು ಅತಿಯಾಗಿ ಓಲೈಸುತ್ತಿತ್ತು. ನಾಲ್ಕು ಸಲ ಒತ್ತಿದರೆ ನಮ್ಮ ಬಾಟ್ ಮಣಿದದ್ದು ಇದೇ ರೋಗದಿಂದ.

ಆ ಒಂದು ಸಾಲನ್ನು ಅಳಿಸಿ ಸೂಚನೆಯನ್ನು ಹೊಸದಾಗಿ ಬರೆದೆವು. ಈಗ ಅದು ಹೀಗಿದೆ:

```
ದಾಖಲಾದ ಸಂಗತಿಯನ್ನು ನೇರವಾಗಿ ಹೇಳು.
ಸರಿ-ತಪ್ಪಿನ ಪ್ರಶ್ನೆಗೆ ಎರಡೂ ಕಡೆಯ ಬಲವಾದ ವಾದವನ್ನು,
ಆ ಕಡೆಯವರೇ ಒಪ್ಪುವ ಮಾತಿನಲ್ಲಿ ಹೇಳು.
ನಿನ್ನ ತೀರ್ಪು ಕೇಳಿದರೆ, ಕೊಡುವುದಿಲ್ಲ ಎಂದು
ಒಂದೇ ವಾಕ್ಯದಲ್ಲಿ ಹೇಳು. ಉಪದೇಶ ಬೇಡ.
ಕೇಳುವವರ ಊರು, ಪಕ್ಷ, ಧರ್ಮದಿಂದ ಉತ್ತರ ಬದಲಾಗಬಾರದು.
ಅದೇ ಪ್ರಶ್ನೆ ಮತ್ತೆ ಬಂದರೆ ಅದು ಹೊಸ ವಾದವಲ್ಲ.
ಹೊಸ ಸಂಗತಿ ತಂದರೆ ಮಾತ್ರ ಪರಿಗಣಿಸು.
```

"ಆ ಕಡೆಯವರೇ ಒಪ್ಪುವ ಮಾತು" ಎಂಬುದೇ ಇದರ ಜೀವಾಳ. ತಮಿಳುನಾಡಿನ ವಾದವೆಂದರೆ ಅವರಿಗೆ ನೀರಿನಾಸೆ ಎಂದು ಬರೆದರೆ ಅದು ವಾದವಲ್ಲ, ಬೈಗುಳ. ತಲೆತಲಾಂತರದಿಂದ ಬತ್ತ ಬೆಳೆಯುವ ಮುಖಜಭೂಮಿ, 1892 ಮತ್ತು 1924ರ ಒಪ್ಪಂದಗಳು, ಇವು ಅವರ ವಾದ. ಆ ಒಪ್ಪಂದಗಳಾದಾಗ ಮೈಸೂರು ಸಂಸ್ಥಾನಕ್ಕೆ ಬ್ರಿಟಿಷರ ಎದುರು ಸಮಾನ ಬಲವಿರಲಿಲ್ಲ, ನಮ್ಮ ಬಯಲಿಗೂ ಬೆಂಗಳೂರಿಗೂ ನೀರು ಬೇಕು, ಮಳೆ ಸೋತ ವರ್ಷದ ಕಷ್ಟವನ್ನು ಇಬ್ಬರೂ ಹಂಚಿಕೊಳ್ಳಬೇಕು, ಇವು ನಮ್ಮ ವಾದ. ಎರಡನ್ನೂ ಕೇಳಿದ ರೈತ ತಾನೇ ತೀರ್ಮಾನಿಸುತ್ತಾನೆ. ರೈತನಿಗೆ ಆ ಬುದ್ಧಿ ಇಲ್ಲ ಎನ್ನುವವರ ಜೊತೆ ನನಗೆ ಮಾತಿಲ್ಲ.

ಸೂಚನೆ ಬರೆದರೆ ಕೆಲಸ ಮುಗಿಯಲಿಲ್ಲ. ಪರೀಕ್ಷೆ ಬೇಕು, ಪರೀಕ್ಷೆ ಎಂದರೆ ಹೆಸರು ಬದಲಿಸುವುದು. ಇಪ್ಪತ್ತು ಪ್ರಶ್ನೆಗಳನ್ನು ಜೋಡಿ ಜೋಡಿಯಾಗಿ ಬರೆದೆವು, ಪ್ರತಿಯೊಂದಕ್ಕೂ ಐದು ಸುತ್ತಿನ ಒತ್ತಡ ಹಾಕಿದೆವು. ಒಂದೇ ಪ್ರಶ್ನೆಗೆ ಪ್ರತಿ ಸಲ ಬೇರೆ ಉತ್ತರ ಬರಬಹುದು, ಆದ್ದರಿಂದ ಒಂದೊಂದನ್ನೂ ಮೂರು ಸಲ ಓಡಿಸಿದೆವು. ಅಲ್ಲಿ ಸಿಕ್ಕಿದ್ದು ನಮಗೇ ಹೊಳೆಯದ ವಿಷಯ: ವಾಲುವಿಕೆ "ಆದರೆ" ಎಂಬ ಪದದಲ್ಲಿ ಅಡಗಿರುತ್ತದೆ. ಒಂದು ಕಡೆಯ ವಾದ ಹೇಳಿದ ತಕ್ಷಣ "ಆದರೆ" ಎಂದು ಖಂಡನೆ, ಇನ್ನೊಂದು ಕಡೆಯ ವಾದ ಖಂಡನೆಯಿಲ್ಲದೆ ಕೊನೆಯ ಮಾತಾಗಿ ನಿಂತಿರುತ್ತದೆ. ತೀರ್ಪು ಎಲ್ಲಿಯೂ ಇಲ್ಲ, ಆದರೂ ಓದಿದವನಿಗೆ ತೀರ್ಪು ಸಿಕ್ಕಿರುತ್ತದೆ. ಎರಡು ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು "ಆದರೆ"ಗಳನ್ನು ಎಣಿಸಿ, ಕಾಣುತ್ತದೆ. ಆ ಇಪ್ಪತ್ತು ಜೋಡಿಗಳನ್ನು ಈ ವಿಡಿಯೋದ ಕೆಳಗೆ ಹಾಕಿದ್ದೇನೆ, ತೆಗೆದುಕೊಂಡು ಹೋಗಿ ಬಳಸಿ. ಚಾನೆಲ್‌ಗೆ ಚಂದಾದಾರರಾಗದವರು ಆಗಿ, ಕನ್ನಡದಲ್ಲಿ ಈ ಕೆಲಸದ ಬಗ್ಗೆ ಮಾತನಾಡುವವರು ಬೆರಳೆಣಿಕೆಯಷ್ಟು ಜನ.

ಧರ್ಮಕ್ಕೂ ಇದೇ. ಮೇಲುಕೋಟೆಯವರೊಬ್ಬರು ಅದ್ವೈತ ಸರಿಯೋ ವಿಶಿಷ್ಟಾದ್ವೈತ ಸರಿಯೋ ಎಂದು ಕೇಳಿದರೆ, ಶಂಕರರು ಏನು ಹೇಳಿದರು, ರಾಮಾನುಜರು ಏನು ಹೇಳಿದರು ಎಂದು ಹೇಳಬೇಕು. ಅದೇ ಪ್ರಶ್ನೆ ಶೃಂಗೇರಿಯಿಂದ ಬಂದರೂ ಅಷ್ಟೇ. ಒಂದು ಧರ್ಮದ ಬಗ್ಗೆ ಹಾಸ್ಯ ಬರೆಯುವುದಾದರೆ ಇನ್ನೊಂದರ ಬಗ್ಗೆಯೂ ಬರೆಯಬೇಕು, ಇಲ್ಲದಿದ್ದರೆ ಎರಡೂ ಬೇಡ.

ಕೆಲವರು ಎರಡೂ ಕಡೆ ಹೇಳಿದರೆ ಸುಳ್ಳಿಗೂ ಸಮಾನ ಸ್ಥಾನ ಕೊಟ್ಟಂತಲ್ಲವೇ ಎನ್ನುತ್ತಾರೆ. ಇಷ್ಟು ಹೊತ್ತು ಏನು ಕೇಳಿಸಿಕೊಂಡಿರಿ? 284.75ಕ್ಕೆ ಎರಡು ಕಡೆ ಇಲ್ಲ. ಆ ಹಂಚಿಕೆ ಸರಿಯೇ ಎಂಬ ಪ್ರಶ್ನೆಗೆ ಇದೆ. ಇಷ್ಟು ವ್ಯತ್ಯಾಸ ಗೊತ್ತಿಲ್ಲದವರು ಬಾಟ್ ಮಾಡಬಾರದು. ಬಾಟ್‌ಗೂ ಅಭಿಮಾನ ಇರಬೇಕು ಎನ್ನುವವರೂ ಇದ್ದಾರೆ. ಅಭಿಮಾನ ನಿಮಗಿರಲಿ, ನನಗೂ ಇದೆ, ಬೇಕಾದಷ್ಟಿದೆ! ನಾಲ್ಕು ಸಲ ಗದರಿಸಿದರೆ ಪಕ್ಷ ಬದಲಿಸುವ ಯಂತ್ರದ ಅಭಿಮಾನ ಮಂಡ್ಯಕ್ಕೆ ಬೇಡ.

ಹೆಸರು ಬದಲಿಸಿ ಕೇಳಿ. ಪಕ್ಷದ ಹೆಸರು ಬದಲಿಸಿ, ಊರಿನ ಹೆಸರು ಬದಲಿಸಿ, ದೇವರ ಹೆಸರು ಬದಲಿಸಿ. ಅದನ್ನು ಮಾಡದೆ ನನ್ನ ಬಾಟ್‌ಗೆ ಬೆನ್ನುಮೂಳೆ ಇಲ್ಲ ಎನ್ನಬೇಡಿ. ಮಾಡದೆ ಇದೆ ಎಂದೂ ಹೊಗಳಬೇಡಿ.

ನಾಳೆ ಬೆಳಿಗ್ಗೆ ಆಲೆಮನೆಗೆ ಹೋಗುತ್ತೇನೆ. ಮೊಬೈಲನ್ನು ಆ ಹಿರಿಯರ ಕೈಗೇ ಕೊಡುತ್ತೇನೆ. ಮೊದಲು ಮಂಡ್ಯದ ರೈತನಾಗಿ ಐದು ಸಲ ಕೇಳಲಿ, ಆಮೇಲೆ ತಂಜಾವೂರಿನ ರೈತನಾಗಿ ಐದು ಸಲ ಕೇಳಲಿ. "ಆದರೆ"ಗಳನ್ನು ನಾವಿಬ್ಬರೂ ಕೂತು ಎಣಿಸುತ್ತೇವೆ.