ಮಾಲ್‌ಖಾನೆಯಿಂದ ಮಾಯವಾದ ಚಿನ್ನ

ಕೇಳುಗರಿಗೆ ನಮಸ್ಕಾರ.

1947ರ ಸೆಪ್ಟೆಂಬರ್. ಅಮೃತಸರದ ವ್ಯಾಪಾರಿ, ಕಸ್ತೂರಿಲಾಲ್ ರಲಿಯಾ ರಾಮ್ ಜೈನ್ ಸಂಸ್ಥೆಯ ಪಾಲುದಾರ ರಲಿಯಾ ರಾಮ್ ಚಿನ್ನ, ಬೆಳ್ಳಿ ಮಾರಲೆಂದು ಮೀರತ್‌ಗೆ ಬಂದಿಳಿದರು. ಕಳವಿನ ಮಾಲಿರಬಹುದೆಂದು ಪೊಲೀಸರು ಅವರನ್ನು ಹಿಡಿದು, 103 ತೊಲಕ್ಕೂ ಮಿಕ್ಕ ಚಿನ್ನವನ್ನೂ ಬೆಳ್ಳಿಯನ್ನೂ ವಶಕ್ಕೆ ತೆಗೆದುಕೊಂಡರು. ಮರುದಿನ ಅವರಿಗೆ ಜಾಮೀನು ಸಿಕ್ಕಿತು. ಮುಂದೆ ಬೆಳ್ಳಿಯೂ ಮರಳಿತು. ಚಿನ್ನ ಮಾತ್ರ ಬರಲಿಲ್ಲ. ಜಪ್ತಿ ಮಾಲು ಇಡುವ ಮಾಲ್‌ಖಾನೆಯನ್ನು ನೋಡಿಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಅದನ್ನು ಲಪಟಾಯಿಸಿ ಪಾಕಿಸ್ತಾನಕ್ಕೆ ಓಡಿಹೋಗಿದ್ದ.

ಚಿನ್ನ ಕೊಡಿ, ಇಲ್ಲವೇ ಅದರ ಬೆಲೆ ಕೊಡಿ ಎಂದು ವ್ಯಾಪಾರಿ ಸರ್ಕಾರದ ಮೇಲೆ ದಾವೆ ಹೂಡಿದರು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. ಪೊಲೀಸರ ನಿರ್ಲಕ್ಷ್ಯ ನಿಜವೆಂದು ನ್ಯಾಯಾಲಯವೇ ಒಪ್ಪಿತು. ಆದರೂ 1964ರಲ್ಲಿ ವ್ಯಾಪಾರಿ ಸೋತರು! ಬಂಧಿಸುವುದು, ಶೋಧಿಸುವುದು, ಜಪ್ತಿ ಮಾಡುವುದು ಸಾರ್ವಭೌಮ ಅಧಿಕಾರ. ಅದನ್ನು ಚಲಾಯಿಸುವಾಗ ನೌಕರ ಎಸಗಿದ ತಪ್ಪಿಗೆ ಸರ್ಕಾರ ಹೊಣೆಯಲ್ಲ ಎಂದಿತು ಪೀಠ. ಇದರ ಬೇರು ಕಂಪನಿ ಸರ್ಕಾರದ ಕಾಲದ್ದು. ಸಂವಿಧಾನದ 300ನೇ ವಿಧಿ ಸರ್ಕಾರದ ಹೊಣೆಯನ್ನು ಹಿಂದೆ ಇದ್ದಷ್ಟಕ್ಕೇ ಇಟ್ಟಿತ್ತು. ಬೇರೆ ಕಾನೂನು ತನ್ನಿ ಎಂದು ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡಕರ್ ತೀರ್ಪಿನಲ್ಲೇ ಸೂಚಿಸಿದ್ದರು. 1967ರಲ್ಲಿ ಮಸೂದೆಯೊಂದು ಬಂತು, ಕಾಯ್ದೆಯಾಗಲಿಲ್ಲ.

ಇನ್ನು ನಮ್ಮ ರಾಜ್ಯದ ಪ್ರಕರಣ. ಒಬ್ಬ ಮಹಿಳೆಯ ಮನೆಯಲ್ಲಿ ಕಳವಾಗಿದ್ದ ಒಡವೆ ಪತ್ತೆಯಾಗಿ, ಠಾಣೆಯ ಟ್ರಂಕು ಸೇರಿತು. ಆಮೇಲೆ ತೆರೆದು ನೋಡಿದರೆ ಒಳಗೆ ಕಲ್ಲುಗಳು! ಆಕೆ ನಷ್ಟಪರಿಹಾರದ ದಾವೆ ಹೂಡಲಿಲ್ಲ, ಜಪ್ತಾದ ಮಾಲನ್ನು ಹಿಂದಿರುಗಿಸುವ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ದಾರಿ ಹಿಡಿದರು. 1977ರಲ್ಲಿ ಸುಪ್ರೀಂ ಕೋರ್ಟು, ಒಡವೆ ಇಲ್ಲದಿದ್ದರೆ ಅದರ ಬೆಲೆ 10,000 ರೂಪಾಯಿ ಕೊಡಿ ಎಂದು ರಾಜ್ಯ ಸರ್ಕಾರಕ್ಕೆ ಆದೇಶಿಸಿತು. ಅಲ್ಲಿ ಸೋತದ್ದು ಇಲ್ಲಿ ಗೆದ್ದಿತು, ಬಾಗಿಲು ಬೇರೆಯಾದ್ದರಿಂದ.

ಹೀಗೆ ಹಳೆಯ ಗೋಡೆಯನ್ನು ಯಾರೂ ಕೆಡವಲಿಲ್ಲ, ಸುತ್ತು ಬಳಸಿ ಹೋದರು. 1993ರಲ್ಲಿ ಒಡಿಶಾದ ಲಾಕಪ್ ಸಾವಿನ ಪ್ರಕರಣದಲ್ಲಿ, ಮೂಲಭೂತ ಹಕ್ಕು ಮುರಿದಾಗ ಸಾರ್ವಭೌಮ ಅಧಿಕಾರದ ಈ ರಕ್ಷಣೆ ನಡೆಯದೆಂದು ನ್ಯಾಯಾಲಯ ಹೇಳಿ, ತಾಯಿಗೆ ಒಂದೂವರೆ ಲಕ್ಷ ರೂಪಾಯಿ ಕೊಡಿಸಿತು. ಮರುವರ್ಷ, ಆಂಧ್ರದ ವ್ಯಾಪಾರಿಯೊಬ್ಬರಿಂದ ಜಪ್ತಿಮಾಡಿದ ರಸಗೊಬ್ಬರ ಅಧಿಕಾರಿಗಳ ಉದಾಸೀನದಿಂದ ಕೆಟ್ಟಾಗ, ಸರ್ಕಾರವೇ ಹೊಣೆ ಎಂದಿತು.

ಆದರೂ ರಕ್ಷಣೆ ಪೂರ್ತಿ ಸತ್ತಿಲ್ಲ. ಯುದ್ಧ, ವಿದೇಶಾಂಗ ವ್ಯವಹಾರದಂಥ ಕಾರ್ಯಗಳಿಗೆ ಅದು ಉಳಿದಿದೆ. ಸಾರ್ವಭೌಮ ಕಾರ್ಯಕ್ಕೂ ಉಳಿದ ಕಾರ್ಯಕ್ಕೂ ನಡುವಿನ ಗಡಿ ಎಲ್ಲಿ ಎಂಬುದನ್ನು ಶಾಸನ ಹೇಳದ ಕಾರಣ, ವಕೀಲರು ಪ್ರತಿ ಮೊಕದ್ದಮೆಯಲ್ಲೂ ವಾದಿಸುತ್ತಲೇ ಇರುತ್ತಾರೆ. ನನ್ನ ಮಟ್ಟಿಗೆ ಇದು ಶಾಸಕಾಂಗದ ಸೋಮಾರಿತನ.

ನಿಮ್ಮ ಮಾಲು ಠಾಣೆಯಲ್ಲಿದ್ದರೆ ಮೊದಲು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಿ. ಪಂಚನಾಮೆ ಮಾಡಿ, ಫೋಟೊ ತೆಗೆದು, ಮುಚ್ಚಳಿಕೆ ಬರೆಸಿಕೊಂಡು ಮಾಲು ಬಿಟ್ಟುಕೊಡಬಹುದು, ವೃಥಾ ಕೊಳೆಯಲು ಬಿಡಬಾರದು ಎಂದು 2002ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ನಷ್ಟಕ್ಕೆ ಸಿವಿಲ್ ದಾವೆ ಹೂಡುವುದಾದರೆ, ಸಾಮಾನ್ಯವಾಗಿ ಎರಡು ತಿಂಗಳು ಮುಂಚೆ ಸರ್ಕಾರಕ್ಕೆ ಲಿಖಿತ ನೋಟಿಸು ಕೊಡಬೇಕು. ಠಾಣೆಯಲ್ಲಿ ಕೊಟ್ಟ ಜಪ್ತಿ ಪಟ್ಟಿಯ ನಕಲು ಜೋಪಾನ. ಅದರಲ್ಲಿ ತೂಕ, ಸಂಖ್ಯೆ ಬರೆದಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ.