ತಲೆಬರಹ ಕಳೆದುಕೊಂಡ ತುಂಡು

ಎಲ್ಲರಿಗೂ ನಮಸ್ಕಾರ.

ನಿಮ್ಮ ಸಂಸ್ಥೆಯ ರಜೆ ನಿಯಮ ಭಾಷಾ ಮಾದರಿಗೆ ಗೊತ್ತಿರುವುದಿಲ್ಲ. ಆದರೂ ಕೇಳಿದರೆ ಏನೋ ಒಂದು ಹೇಳಿಬಿಡುತ್ತದೆ. ಅದಕ್ಕೇ ಪ್ರಶ್ನೆ ಬಂದಾಗ ಕಡತದಲ್ಲಿ ಅದಕ್ಕೆ ಸಂಬಂಧಪಟ್ಟ ಭಾಗ ಹುಡುಕಿ, ಪ್ರಶ್ನೆಯ ಜೊತೆಗಿಟ್ಟು ಮಾದರಿಗೆ ಓದಿಸುತ್ತೇವೆ. 2020ರ ಒಂದು ಸಂಶೋಧನಾ ಪ್ರಬಂಧದಿಂದ ಇದಕ್ಕೆ ರಿಟ್ರೀವಲ್ ಆಗ್ಮೆಂಟೆಡ್ ಜನರೇಶನ್ ಎಂಬ ಹೆಸರು ಬಂತು, ಬಾಯಿಮಾತಿನಲ್ಲಿ ರ‍್ಯಾಗ್.

40 ಪುಟದ ನಿಯಮ ಪುಸ್ತಕವೊಂದಿದೆ ಎನ್ನಿ. ಅದನ್ನು 200 ಟೋಕನ್‌ಗಳ ತುಂಡುಗಳಾಗಿ ಕತ್ತರಿಸಿದೆವು; ಟೋಕನ್ ಎಂದರೆ ಮಾದರಿ ಓದುವ ಪದ ಅಥವಾ ಪದದ ಚೂರು. ವಾಕ್ಯ ನಡುವೆ ತುಂಡಾಗಿ ಅರ್ಥ ಕೆಡಬಾರದೆಂದು ಪ್ರತಿ ತುಂಡಿನ ಕೊನೆಯ 30 ಟೋಕನ್‌ಗಳನ್ನು ಮುಂದಿನದರ ಆರಂಭದಲ್ಲೂ ಇಟ್ಟೆವು. ಎಂಬೆಡಿಂಗ್ ಮಾದರಿ ಒಂದೊಂದು ತುಂಡನ್ನೂ ಸಂಖ್ಯೆಗಳ ಸಾಲಾಗಿ ಮಾಡಿಕೊಡುತ್ತದೆ; `all-MiniLM-L6-v2` ಆದರೆ 384 ಸಂಖ್ಯೆಗಳು. ಪ್ರಶ್ನೆಯನ್ನೂ ಹಾಗೇ ಮಾಡಿ, ಇಂಥ ಎರಡು ಸಾಲುಗಳು ಎಷ್ಟು ಒಂದೇ ದಿಕ್ಕಿನಲ್ಲಿವೆ ಎಂದು ಅಳೆಯುವ ಕೊಸೈನ್ ಹೋಲಿಕೆಯಲ್ಲಿ ಹತ್ತಿರ ಬಂದ ನಾಲ್ಕು ತುಂಡುಗಳನ್ನು ಎತ್ತಿಕೊಳ್ಳುತ್ತೇವೆ.

ಈಗ ಪ್ರಶ್ನೆ: "ತಾತ್ಕಾಲಿಕ ನೌಕರರಿಗೆ ವರ್ಷಕ್ಕೆ ಎಷ್ಟು ರಜೆ?" ಪುಸ್ತಕದ ಪ್ರಕಾರ 8 ದಿನ. ಬಂದ ಉತ್ತರ 15, ಅದು ಕಾಯಂ ನೌಕರರದ್ದು. ಮಾದರಿ ಸುಳ್ಳು ಹೇಳಿತು ಎಂದು ಎಲ್ಲರೂ ಅದನ್ನೇ ಬೈಯುತ್ತಾರೆ. ಎತ್ತಿಕೊಂಡ ನಾಲ್ಕು ತುಂಡುಗಳನ್ನು ತೆರೆದು ನೋಡಿ, 8 ದಿನದ ಸಾಲು ಅವುಗಳಲ್ಲಿ ಇಲ್ಲವೇ ಇಲ್ಲ. ಆ ಸಾಲು ಇದ್ದದ್ದು ಹೀಗೆ: "ಇವರಿಗೆ ವರ್ಷಕ್ಕೆ 8 ದಿನ." ಇವರು ಯಾರು? "ತಾತ್ಕಾಲಿಕ ನೌಕರರು" ಎಂಬ ತಲೆಬರಹ ಎರಡು ಪುಟ ಹಿಂದೆಯೇ ಉಳಿದಿದೆ. 30 ಟೋಕನ್‌ಗಳ ಪುನರಾವರ್ತನೆ ಅಷ್ಟು ದೂರ ಕೈಚಾಚಲಾರದು.

ಪರಿಹಾರ ಸುಲಭ. ಮೊದಲು ಅಧ್ಯಾಯ, ಕಲಮುಗಳ ಗಡಿಯಲ್ಲಿ ಕತ್ತರಿಸಿ. ಉದ್ದವಾದದ್ದನ್ನು ಮಾತ್ರ ಮತ್ತೆ ಒಡೆಯಿರಿ. ಪ್ರತಿ ತುಂಡಿನ ತಲೆಗೂ ಅದರ ತಲೆಬರಹ ಅಂಟಿಸಿ, ಆಮೇಲೆ ಎಂಬೆಡಿಂಗ್ ಮಾಡಿ:

```
ರಜೆ ನಿಯಮ > ತಾತ್ಕಾಲಿಕ ನೌಕರರು
ಇವರಿಗೆ ವರ್ಷಕ್ಕೆ 8 ದಿನ.
```

ಹಾಗಾದರೆ ತುಂಡನ್ನೇ 500 ಟೋಕನ್ ಮಾಡಿದರಾಯಿತಲ್ಲ ಎನ್ನಬಹುದು. ಅಲ್ಲೊಂದು ಹೊಂಡವಿದೆ. ನಾನು ಹೇಳಿದ ಎಂಬೆಡಿಂಗ್ ಮಾದರಿ 256 ಟೋಕನ್‌ಗಳಿಗಿಂತ ಮುಂದೆ ಓದುವುದಿಲ್ಲ. ಉಳಿದದ್ದನ್ನು ಸದ್ದಿಲ್ಲದೆ ಬಿಡುತ್ತದೆ, ದೋಷದ ಸಂದೇಶವೂ ಬರದು. ತುಂಡಿನ ಮೊದಲ ಭಾಗದ ಪ್ರಶ್ನೆಗಳಿಗೆ ಸರಿಯಾದ ತುಂಡು ಸಿಗುತ್ತದೆ, ಕೊನೆಯ ಭಾಗದ್ದಕ್ಕೆ ಸಿಗುವುದಿಲ್ಲ ಎಂದಾದರೆ ಗುಮಾನಿ ಪಡಬೇಕಾದ್ದು ಇದರ ಮೇಲೆಯೇ. `model.max_seq_length` ನೋಡಿದರೆ ಮಿತಿ ತಿಳಿಯುತ್ತದೆ. ಪದ ಎಣಿಸಿ ಅಂದಾಜು ಮಾಡಬೇಡಿ; ಕನ್ನಡದ ಒಂದೇ ಪದ ಹಲವು ಟೋಕನ್‌ಗಳಾಗಿ ಒಡೆಯುತ್ತದೆ. ಅಂದಹಾಗೆ, ಈ ಮಾದರಿ ಇಂಗ್ಲಿಷಿನದ್ದು. ಕನ್ನಡ ಕಡತಕ್ಕೆ ಬಹುಭಾಷಾ ಮಾದರಿಯೇ ಬೇಕು.

ಪರೀಕ್ಷೆಗೆ 20 ಪ್ರಶ್ನೆ ಸಾಕು. ಪ್ರತಿಯೊಂದರ ಉತ್ತರ ಯಾವ ಕಲಮಿನಲ್ಲಿದೆ ಎಂದು ಮೊದಲೇ ಬರೆದಿಡಿ, ಅದು ಮೊದಲ ನಾಲ್ಕು ತುಂಡುಗಳಲ್ಲಿ ಬಂತೇ ನೋಡಿ. ಬಂದಿಲ್ಲವೆಂದರೆ ಮಾದರಿಗೆ ಕೊಡುವ ಸೂಚನೆಯನ್ನು ತಿದ್ದುತ್ತಾ ಕೂರಬೇಡಿ, ಕತ್ತರಿ ಹಾಕಿದ ಜಾಗಕ್ಕೆ ಹೋಗಿ.